ಫಲಿತಾಂಶಗಳು: ಸ್ವಯಂ ಪರೀಕ್ಷೆ ಮತ್ತು ಮರು ಓದು, ವಾರದ ನಂತರ ಉಳಿದ ನೆನಪು

4.1 ವಿಶ್ಲೇಷಣೆಗೆ ಉಳಿದವರು

ಅಧ್ಯಯನಕ್ಕೆ ಒಪ್ಪಿದ 70 ಮಂದಿಯನ್ನು ಯಾದೃಚ್ಛಿಕವಾಗಿ 35 ಜನರ ಎರಡು ಗುಂಪುಗಳಿಗೆ ಹಂಚಲಾಯಿತು. ಎಲ್ಲರೂ ಒಂದೇ ವಿಜ್ಞಾನ ಪಾಠವನ್ನು ಒಮ್ಮೆ ಓದಿದರು. ಆ ಬಳಿಕ ಒಂದು ಗುಂಪಿನವರು ಪುಸ್ತಕ ಮುಚ್ಚಿಟ್ಟು ತಮ್ಮನ್ನು ತಾವೇ ಪ್ರಶ್ನಿಸಿಕೊಂಡರು (ಮುಂದೆ "ಸ್ವಯಂ ಪರೀಕ್ಷೆ ಗುಂಪು"), ಇನ್ನೊಂದು ಗುಂಪಿನವರು ಅಷ್ಟೇ ಸಮಯ ಅದೇ ಪಾಠವನ್ನು ಮತ್ತೆ ಓದಿದರು ("ಮರು ಓದು ಗುಂಪು"). ಏಳು ದಿನಗಳ ನಂತರ 40 ಪ್ರಶ್ನೆಗಳ ಪರೀಕ್ಷೆ ನಡೆಯಿತು. ಸರಿಯುತ್ತರಕ್ಕೆ ಒಂದು ಅಂಕ, ತಪ್ಪಿಗೆ ಸೊನ್ನೆ, ಅರ್ಧ ಅಂಕ ಇರಲಿಲ್ಲ.

ವಾರದ ನಂತರದ ಪರೀಕ್ಷೆಗೆ ನಾಲ್ವರು ಬರಲಿಲ್ಲ. ಅವರಲ್ಲಿ ಒಬ್ಬರು ಸ್ವಯಂ ಪರೀಕ್ಷೆ ಗುಂಪಿನವರು, ಮೂವರು ಮರು ಓದು ಗುಂಪಿನವರು. ಹೀಗಾಗಿ ಮುಂದಿನ ಲೆಕ್ಕಗಳೆಲ್ಲ 34 ಮತ್ತು 32 ಮಂದಿಯ ಅಂಕಗಳ ಮೇಲೆ ನಿಂತಿವೆ. ಗೈರುಹಾಜರಿ ಎರಡೂ ಕಡೆ ಸಮನಾಗಿಲ್ಲದ ಕಾರಣ ಆ ವಿಷಯಕ್ಕೆ 4.5ರಲ್ಲಿ ಮತ್ತೆ ಬರುತ್ತೇನೆ.

4.2 ಪರೀಕ್ಷೆಯ ಆಯ್ಕೆ

ಒಬ್ಬರು ಒಂದೇ ಗುಂಪಿನಲ್ಲಿದ್ದುದರಿಂದ ಸ್ವತಂತ್ರ ಮಾದರಿಗಳ ಟಿ-ಪರೀಕ್ಷೆಯನ್ನು ಬಳಸಲಾಗಿದೆ. ಎರಡೂ ಗುಂಪುಗಳ ವೇರಿಯನ್ಸ್ ಸಮಾನವೆಂದು ಊಹಿಸಿಕೊಳ್ಳದ ವೆಲ್ಚ್ ರೂಪವನ್ನು ದತ್ತಾಂಶ ಕೈಸೇರುವ ಮೊದಲೇ ಆರಿಸಿಕೊಳ್ಳಲಾಗಿತ್ತು. ಮೊದಲು ಲೆವೀನ್ ಪರೀಕ್ಷೆ ಮಾಡಿ, ಅದರ ಉತ್ತರ ನೋಡಿ ಟಿ-ಪರೀಕ್ಷೆಯ ರೂಪವನ್ನು ಬದಲಿಸುವ ರೂಢಿ ಪ್ರಬಂಧಗಳಲ್ಲಿ ಇನ್ನೂ ಇದೆ. ನಾನು ಅದನ್ನು ಅನುಸರಿಸಿಲ್ಲ. ಸಣ್ಣ ಮಾದರಿಗಳಲ್ಲಿ ಲೆವೀನ್ ಪರೀಕ್ಷೆಯೇ ವ್ಯತ್ಯಾಸವನ್ನು ಹಿಡಿಯಲಾರದೆ ಹೋಗಬಹುದು. ವೇರಿಯನ್ಸ್ ನಿಜಕ್ಕೂ ಸಮಾನವಾಗಿದ್ದರೂ ವೆಲ್ಚ್ ರೂಪದಿಂದ ಆಗುವ ನಷ್ಟ ತೀರ ಅಲ್ಪ. ದಾಖಲೆಗಾಗಿ ಮಾತ್ರ: ಲೆವೀನ್ ಪರೀಕ್ಷೆಯಲ್ಲಿ F(1, 64) = 0.48, p = .491.

ವೆಲ್ಚ್ ರೂಪದಲ್ಲಿ ಸ್ವಾತಂತ್ರ್ಯ ಡಿಗ್ರಿಯನ್ನು n₁ + n₂ − 2 ಎಂಬ ನೇರ ಲೆಕ್ಕದಿಂದ ಪಡೆಯುವುದಿಲ್ಲ. ಗುಂಪುಗಳ ಗಾತ್ರ ಮತ್ತು ಮಾನಕ ವಿಚಲನೆ ಎರಡನ್ನೂ ಸೇರಿಸಿಕೊಂಡು ಅದನ್ನು ಅಂದಾಜು ಮಾಡಲಾಗುತ್ತದೆ:

```
df = (s1²/n1 + s2²/n2)² / [ (s1²/n1)²/(n1−1) + (s2²/n2)²/(n2−1) ]
```

ಮುಂದೆ 62.20ರಂತಹ ದಶಮಾಂಶ ಸಂಖ್ಯೆಗಳು ಕಾಣಿಸುವುದು ಈ ಕಾರಣಕ್ಕೆ. ಅವನ್ನು ಪೂರ್ಣಾಂಕಕ್ಕೆ ತಿದ್ದಿಲ್ಲ. ತಿದ್ದಿದರೆ ಯಾವ ರೂಪದ ಪರೀಕ್ಷೆ ನಡೆದಿದೆ ಎಂಬ ಸುಳಿವು ಓದುಗರಿಗೆ ಸಿಗುವುದಿಲ್ಲ.

ಪರೀಕ್ಷೆ ಎರಡು ಬದಿಯದು, ಸಾರ್ಥಕತೆಯ ಮಟ್ಟ .05. ವ್ಯತ್ಯಾಸವನ್ನು ಎಲ್ಲೆಡೆ "ಸ್ವಯಂ ಪರೀಕ್ಷೆ ಗುಂಪು ಕಳೆ ಮರು ಓದು ಗುಂಪು" ಎಂಬ ಕ್ರಮದಲ್ಲಿ ಕೊಡಲಾಗಿದೆ. ಆದ್ದರಿಂದ ಧನ ಚಿಹ್ನೆ ಇದ್ದರೆ ಸ್ವಯಂ ಪರೀಕ್ಷೆ ಗುಂಪು ಮುಂದಿದೆ ಎಂದರ್ಥ. ಪರಿಣಾಮದ ಗಾತ್ರಕ್ಕೆ ಹೆಡ್ಜಸ್ g ಬಳಸಲಾಗಿದೆ. ಇದು ಒಟ್ಟುಗೂಡಿಸಿದ ಮಾನಕ ವಿಚಲನೆಯಿಂದ ಲೆಕ್ಕ ಹಾಕಿದ ಕೋಹೆನ್ d ಅನ್ನು ಸಣ್ಣ ಮಾದರಿಗಾಗಿ ತುಸು ಇಳಿಸಿದ ರೂಪ. g ಯ ವಿಶ್ವಾಸಾಂತರವನ್ನು ದೊಡ್ಡ ಮಾದರಿಯ ಅಂದಾಜು ಸೂತ್ರದಿಂದ ಪಡೆಯಲಾಗಿದೆ.

ಅಂಕಗಳ ಹಂಚಿಕೆಯನ್ನು ಗುಂಪುವಾರು ಚಿತ್ರಗಳಲ್ಲಿ ಪರಿಶೀಲಿಸಲಾಯಿತು. ಎರಡೂ ಗುಂಪುಗಳಲ್ಲಿ ಹೇಳಿಕೊಳ್ಳುವಂತಹ ಓರೆ ಕಾಣಲಿಲ್ಲ. ಮರು ಓದು ಗುಂಪಿನ ಒಬ್ಬರ ಅಂಕ ಮಾತ್ರ (8) ಉಳಿದವರಿಂದ ದೂರ ನಿಂತಿತ್ತು. ಅದನ್ನು ಮುಖ್ಯ ವಿಶ್ಲೇಷಣೆಯಿಂದ ತೆಗೆದಿಲ್ಲ. ಪರೀಕ್ಷೆಯನ್ನು ಎಲ್ಲರೂ ಪ್ರತ್ಯೇಕವಾಗಿ ಬರೆದರು. ಆದರೆ ನಡುವಿನ ಏಳು ದಿನಗಳಲ್ಲಿ ಅವರು ಪರಸ್ಪರ ಪಾಠದ ಬಗ್ಗೆ ಮಾತಾಡಿಕೊಳ್ಳದಂತೆ ತಡೆಯುವ ಉಪಾಯ ಇರಲಿಲ್ಲ.

4.3 ಮುಖ್ಯ ಫಲಿತಾಂಶ

| ಪರೀಕ್ಷೆ | ಗುಂಪು | n | ಸರಾಸರಿ | ಮಾನಕ ವಿಚಲನೆ |
|---|---|---|---|---|
| ಓದಿದ ಕೂಡಲೇ | ಸ್ವಯಂ ಪರೀಕ್ಷೆ | 34 | 30.21 | 4.60 |
| ಓದಿದ ಕೂಡಲೇ | ಮರು ಓದು | 32 | 30.91 | 4.40 |
| ಏಳು ದಿನಗಳ ನಂತರ | ಸ್ವಯಂ ಪರೀಕ್ಷೆ | 34 | 26.32 | 5.20 |
| ಏಳು ದಿನಗಳ ನಂತರ | ಮರು ಓದು | 32 | 23.09 | 5.80 |

ಏಳು ದಿನಗಳ ನಂತರದ ಪರೀಕ್ಷೆಯಲ್ಲಿ ಸ್ವಯಂ ಪರೀಕ್ಷೆ ಗುಂಪಿನ ಸರಾಸರಿ ಅಂಕ (M = 26.32, SD = 5.20) ಮರು ಓದು ಗುಂಪಿನ ಸರಾಸರಿಗಿಂತ (M = 23.09, SD = 5.80) 3.23 ಅಂಕ ಹೆಚ್ಚಿತ್ತು. ವ್ಯತ್ಯಾಸದ 95% ವಿಶ್ವಾಸಾಂತರ [0.51, 5.95]. ಈ ವ್ಯತ್ಯಾಸ ಸಾಂಖ್ಯಿಕವಾಗಿ ಸಾರ್ಥಕವಾಗಿದೆ: t(62.20) = 2.38, p = .021. ಪರಿಣಾಮದ ಗಾತ್ರ g = 0.58, 95% ವಿಶ್ವಾಸಾಂತರ [0.09, 1.07].

ಎರಡು ವಿಧಾನಗಳ ನಡುವೆ ನಿಜವಾಗಿ ಯಾವ ವ್ಯತ್ಯಾಸವೂ ಇಲ್ಲದಿದ್ದರೆ, ಇಷ್ಟು ಅಥವಾ ಇದಕ್ಕಿಂತ ದೊಡ್ಡ t ಬೆಲೆ ಯಾವುದೇ ದಿಕ್ಕಿನಲ್ಲಿ ಬರುವ ಸಾಧ್ಯತೆ ನೂರಕ್ಕೆ ಸುಮಾರು ಎರಡು. p ಹೇಳುವುದು ಇಷ್ಟನ್ನೇ. ಶೂನ್ಯ ಕಲ್ಪನೆ ಸುಳ್ಳಾಗಿರುವ ಸಾಧ್ಯತೆ 98% ಎಂದು ಇದನ್ನು ಓದಿಕೊಳ್ಳುವಂತಿಲ್ಲ.

p ಗಿಂತ ವಿಶ್ವಾಸಾಂತರದ ಎರಡು ತುದಿಗಳು ಇಲ್ಲಿ ಹೆಚ್ಚು ಮಾತಾಡುತ್ತವೆ. ಸೊನ್ನೆ ಹೊರಗುಳಿದಿದೆ, ಆದರೆ ಕೂದಲೆಳೆಯ ಅಂತರದಲ್ಲಿ. ಕೆಳತುದಿಯನ್ನು ನಂಬಿದರೆ ಲಾಭ 40 ಪ್ರಶ್ನೆಗಳಲ್ಲಿ ಅರ್ಧ ಪ್ರಶ್ನೆಯಷ್ಟು. ಅಷ್ಟಕ್ಕಾಗಿ ಯಾರೂ ಓದುವ ಕ್ರಮ ಬದಲಿಸಬೇಕಾಗಿಲ್ಲ. ಮೇಲ್ತುದಿಯನ್ನು ನಂಬಿದರೆ ಲಾಭ ಸುಮಾರು ಆರು ಪ್ರಶ್ನೆ, ಅಂದರೆ ಒಟ್ಟು ಅಂಕಗಳ ಶೇಕಡಾ 15ರ ಹತ್ತಿರ. ಈ ಎರಡರಲ್ಲಿ ಯಾವುದರ ಸಮೀಪ ನಿಜವಿದೆ ಎಂದು ತೀರ್ಮಾನಿಸಲು 66 ಜನರ ದತ್ತಾಂಶ ಸಾಲದು. ಇಂತಹ ಅಧ್ಯಯನವನ್ನು ಮತ್ತೆ ಮತ್ತೆ ಮಾಡಿ ಪ್ರತಿ ಸಲವೂ ಇದೇ ಕ್ರಮದಲ್ಲಿ ವಿಶ್ವಾಸಾಂತರ ಕಟ್ಟಿದರೆ, ಅವುಗಳಲ್ಲಿ ಶೇಕಡಾ 95ರಷ್ಟು ನಿಜವಾದ ವ್ಯತ್ಯಾಸವನ್ನು ಒಳಗೊಂಡಿರುತ್ತವೆ. ನಮ್ಮ ಕೈಯಲ್ಲಿರುವುದು ಅಂಥವುಗಳಲ್ಲಿ ಒಂದು.

ಪರಿಣಾಮದ ಗಾತ್ರಕ್ಕೂ ಇದೇ ಮಾತು ಸಲ್ಲುತ್ತದೆ. ಕೋಹೆನ್ ಸೂಚಿಸಿದ 0.2, 0.5, 0.8 ಎಂಬ ಗುರುತುಗಳ ಪ್ರಕಾರ 0.58 ಅನ್ನು "ಮಧ್ಯಮ" ಎಂದು ಕರೆದು ಮುಂದೆ ಹೋಗಬಹುದಿತ್ತು. ಬೇರೆ ಆಧಾರ ಇಲ್ಲದಾಗ ಮಾತ್ರ ಆ ಗುರುತುಗಳನ್ನು ಬಳಸಿ ಎಂದು ಸ್ವತಃ ಕೋಹೆನ್ ಎಚ್ಚರಿಸಿದ್ದರು. ಅಲ್ಲದೆ ನಮ್ಮ ವಿಶ್ವಾಸಾಂತರ "ಸಣ್ಣ"ಕ್ಕಿಂತ ಕೆಳಗೆ ಶುರುವಾಗಿ "ದೊಡ್ಡ"ದನ್ನು ದಾಟಿ ಮುಗಿಯುತ್ತದೆ. ಹಾಗಾಗಿ ಒಂದೇ ವಿಶೇಷಣ ಅಂಟಿಸುವುದನ್ನು ಬಿಟ್ಟಿದ್ದೇನೆ. ಬೇರೆ ಬಗೆಯಲ್ಲಿ ಹೇಳುವುದಾದರೆ: ಅಂಕಗಳ ಹಂಚಿಕೆ ಸಹಜ ವಕ್ರರೇಖೆಯನ್ನು ಅನುಸರಿಸುತ್ತದೆ ಎಂದುಕೊಂಡರೆ, ಪ್ರತಿ ಗುಂಪಿನಿಂದ ಒಬ್ಬೊಬ್ಬರನ್ನು ಯಾದೃಚ್ಛಿಕವಾಗಿ ಆರಿಸಿದಾಗ ಸ್ವಯಂ ಪರೀಕ್ಷೆ ಗುಂಪಿನವರೇ ಹೆಚ್ಚು ಅಂಕ ಪಡೆದಿರುವ ಸಾಧ್ಯತೆ ಸುಮಾರು 66%. ಉಳಿದ ಮೂರನೇ ಒಂದು ಭಾಗದಲ್ಲಿ ಮರು ಓದಿದವರೇ ಮುಂದಿರುತ್ತಾರೆ. ಎರಡು ಗುಂಪುಗಳು ಒಂದರ ಮೇಲೊಂದು ಸಾಕಷ್ಟು ಹರಡಿಕೊಂಡಿವೆ.

ಇನ್ನೊಂದು ಎಚ್ಚರಿಕೆ. ಈ ಗಾತ್ರದ ಮಾದರಿಗಳಲ್ಲಿ 80% ಸಾಮರ್ಥ್ಯದಿಂದ ಪತ್ತೆಯಾಗುವ ಅತಿ ಸಣ್ಣ ಪರಿಣಾಮ ಸುಮಾರು d = 0.70. ನಮಗೆ ಸಿಕ್ಕಿದ್ದು ಅದಕ್ಕಿಂತ ಕಡಿಮೆ. ಸಾಮರ್ಥ್ಯ ಕಡಿಮೆ ಇರುವ ಅಧ್ಯಯನದಲ್ಲಿ ಸಾರ್ಥಕತೆಯ ಗೆರೆ ದಾಟಿದ ಅಂದಾಜುಗಳು ನಿಜಕ್ಕಿಂತ ಉಬ್ಬಿರುವ ಸಂಭವ ಹೆಚ್ಚು. 3.23 ಎಂಬ ಸಂಖ್ಯೆಯನ್ನು ಉಲ್ಲೇಖಿಸುವವರು ಅದರ ವಿಶ್ವಾಸಾಂತರವನ್ನೂ ಜೊತೆಗೆ ಒಯ್ಯಬೇಕು.

4.4 ಓದಿದ ಕೂಡಲೇ ನಡೆದ ಪರೀಕ್ಷೆ

ಇದು ಪೂರಕ ಹೋಲಿಕೆ. ಮೊದಲೇ ಗೊತ್ತುಪಡಿಸಿದ ಮುಖ್ಯ ಅಳತೆ ಅಲ್ಲದ್ದರಿಂದ ಸಾರ್ಥಕತೆಯ ಮಟ್ಟವನ್ನು ಎರಡಕ್ಕೆ ಹಂಚಿಲ್ಲ. ಓದಿದ ಕೂಡಲೇ ಸ್ವಯಂ ಪರೀಕ್ಷೆ ಗುಂಪಿನ ಸರಾಸರಿ (M = 30.21, SD = 4.60) ಮರು ಓದು ಗುಂಪಿನದಕ್ಕಿಂತ (M = 30.91, SD = 4.40) 0.70 ಅಂಕ ಕಡಿಮೆ ಇತ್ತು, 95% ವಿಶ್ವಾಸಾಂತರ [−2.91, 1.51]. ವ್ಯತ್ಯಾಸ ಸಾಂಖ್ಯಿಕವಾಗಿ ಸಾರ್ಥಕವಲ್ಲ: t(63.98) = −0.63, p = .530, g = −0.15, 95% ವಿಶ್ವಾಸಾಂತರ [−0.63, 0.32].

ಇದರಿಂದ "ಕೂಡಲೇ ನಡೆದ ಪರೀಕ್ಷೆಯಲ್ಲಿ ಎರಡು ಗುಂಪುಗಳೂ ಸಮಾನ" ಎಂಬ ತೀರ್ಮಾನ ಹೊರಡುವುದಿಲ್ಲ. ಮರು ಓದು ಗುಂಪು ಸುಮಾರು ಮೂರು ಅಂಕ ಮುಂದಿರುವ ಸಾಧ್ಯತೆಯೂ, ಸ್ವಯಂ ಪರೀಕ್ಷೆ ಗುಂಪು ಒಂದೂವರೆ ಅಂಕ ಮುಂದಿರುವ ಸಾಧ್ಯತೆಯೂ ವಿಶ್ವಾಸಾಂತರದೊಳಗೇ ಇವೆ. ವ್ಯತ್ಯಾಸ ಕಂಡುಬರಲಿಲ್ಲ, ಅಷ್ಟೆ. ಸಮಾನತೆಯನ್ನು ಸಾಧಿಸಿ ತೋರಿಸಲು ಬೇರೆಯದೇ ಪರೀಕ್ಷೆ ಬೇಕು. ಅದಕ್ಕೆ ತಕ್ಕ ಮಿತಿಗಳನ್ನು ನಾವು ಮುಂಚಿತವಾಗಿ ಗೊತ್ತುಮಾಡಿರಲಿಲ್ಲ.

ಪಟ್ಟಿಯ ಸರಾಸರಿಗಳನ್ನು ನೋಡಿದರೆ, ವಾರದಲ್ಲಿ ಸ್ವಯಂ ಪರೀಕ್ಷೆ ಗುಂಪು 3.89 ಅಂಕ ಕಳೆದುಕೊಂಡರೆ ಮರು ಓದು ಗುಂಪು 7.82 ಅಂಕ ಕಳೆದುಕೊಂಡಿತು. ಇದು ವಿವರಣೆ ಮಾತ್ರ. ಮೊದಲ ಹೋಲಿಕೆ ಸಾರ್ಥಕವಲ್ಲ, ಎರಡನೆಯದು ಸಾರ್ಥಕ ಎಂಬ ಕಾರಣಕ್ಕೆ ಎರಡು ಹೋಲಿಕೆಗಳ ನಡುವಿನ ವ್ಯತ್ಯಾಸವೂ ಸಾರ್ಥಕ ಎನ್ನಲಾಗದು.

4.5 ಫಲಿತಾಂಶ ಎಷ್ಟು ಗಟ್ಟಿ

ಸಮಾನ ವೇರಿಯನ್ಸ್ ಊಹಿಸುವ ಸ್ಟೂಡೆಂಟ್ ರೂಪದಲ್ಲಿ ಉತ್ತರ ಬದಲಾಗಲಿಲ್ಲ: t(64) = 2.38, p = .020, ವ್ಯತ್ಯಾಸದ 95% ವಿಶ್ವಾಸಾಂತರ [0.52, 5.94].

ದೂರ ನಿಂತಿದ್ದ ಒಂದು ಅಂಕವನ್ನು ಬಿಟ್ಟಾಗ ಮಾತ್ರ ಸಂಖ್ಯೆಗಳು ಅಲುಗಾಡಿದವು. ಮರು ಓದು ಗುಂಪಿನ ಸರಾಸರಿ 23.58ಕ್ಕೆ ಏರಿತು (n = 31, SD = 5.19), ವ್ಯತ್ಯಾಸ 2.74ಕ್ಕೆ ಇಳಿಯಿತು, 95% ವಿಶ್ವಾಸಾಂತರ [0.16, 5.32], t(62.47) = 2.13, p = .037, g = 0.52. ದಿಕ್ಕು ಅದೇ, ತೀರ್ಮಾನವೂ ಅದೇ. ಆದರೆ ಒಬ್ಬರ ಉತ್ತರ ಪತ್ರಿಕೆ ಅರ್ಧ ಅಂಕದಷ್ಟು ವ್ಯತ್ಯಾಸವನ್ನು ಕರಗಿಸಿತು. ಆ ವ್ಯಕ್ತಿ ಸೂಚನೆಗಳನ್ನು ಪಾಲಿಸಿದ್ದರು, ಪರೀಕ್ಷೆಯನ್ನು ಪೂರ್ತಿ ಬರೆದಿದ್ದರು. ಅಂಕ ಕಡಿಮೆ ಎಂಬುದು ಕೈಬಿಡಲು ಕಾರಣವಾಗದು. ಹೀಗಾಗಿ 4.3ರ ಸಂಖ್ಯೆಗಳೇ ಈ ಅಧ್ಯಯನದ ಉತ್ತರ.

ಗೈರುಹಾಜರಾದವರ ಬಗ್ಗೆ: ಮರು ಓದು ಗುಂಪಿನಿಂದ ತಪ್ಪಿಸಿಕೊಂಡ ಮೂವರೂ ಬಂದು ಸ್ವಯಂ ಪರೀಕ್ಷೆ ಗುಂಪಿನ ಸರಾಸರಿಯಷ್ಟೇ (26.32) ಅಂಕ ಪಡೆದಿದ್ದರು, ಸ್ವಯಂ ಪರೀಕ್ಷೆ ಗುಂಪಿನ ಒಬ್ಬರು ತಮ್ಮ ಗುಂಪಿನ ಸರಾಸರಿಯಲ್ಲೇ ನಿಂತಿದ್ದರು ಎಂದು ಊಹಿಸಿದರೆ ಮರು ಓದು ಗುಂಪಿನ ಸರಾಸರಿ 23.37 ಆಗುತ್ತದೆ, ವ್ಯತ್ಯಾಸ 2.95ಕ್ಕೆ ಇಳಿಯುತ್ತದೆ. ಈ ಊಹೆಯ ಅಂಕಗಳು ನಿಜವಾದ ಅಂಕಗಳಂತೆ ಚದುರಿರುವುದಿಲ್ಲ. ಹಾಗಾಗಿ ಅವುಗಳ ಮೇಲೆ t ಅಥವಾ p ಲೆಕ್ಕ ಹಾಕಿಲ್ಲ.