ಬಣ್ಣ ಬಿಟ್ಟ ಇಳಕಲ್ ಸೀರೆ: ನಿಮ್ಮ ಪತ್ರಕ್ಕೆ ಉತ್ತರ

ಹುಬ್ಬಳ್ಳಿ,
18 ಜೂನ್ 2025

ಮಾನ್ಯ ಸಹೋದರಿಯವರಿಗೆ ನಮಸ್ಕಾರಗಳು.

ಜೂನ್ 12ರಂದು ನೀವು ಗದಗಿನಿಂದ ಬರೆದ ಪತ್ರವೂ ಅದರೊಂದಿಗೆ ಇಟ್ಟಿದ್ದ ಫೋಟೋಗಳೂ ತಲುಪಿವೆ. ಮಗಳ ಕುಬಸಕ್ಕೆಂದು ಮೇ 9ರಂದು ನಮ್ಮ ಅಂಗಡಿಯಿಂದ ಒಯ್ದ ಕಸೂತಿಯ ಚಂದ್ರಕಾಳಿ ಇಳಕಲ್ ಸೀರೆ ಮೊದಲ ಒಗೆತದಲ್ಲೇ ಬಣ್ಣ ಬಿಟ್ಟು, ತೋಪತೆನಿ ಸೆರಗಿನ ಬಿಳಿ ಪಟ್ಟಿಗಳೆಲ್ಲ ಗುಲಾಬಿಯಾಗಿರುವುದು ಅವುಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ತಪ್ಪು ನಮ್ಮದು. ಅದಕ್ಕಾಗಿ ಕ್ಷಮೆ ಕೇಳುತ್ತೇನೆ.

ಅದೇ ಲಾಟಿನಲ್ಲಿ ಉಳಿದಿದ್ದ ಸೀರೆಯೊಂದರ ಸೆರಗನ್ನು ಒದ್ದೆ ಮಾಡಿದ ಬಿಳಿ ಅರಿವೆಯಿಂದ ನಾನೇ ಉಜ್ಜಿ ನೋಡಿದೆ; ಎರಡನೆಯ ಸಲ ಉಜ್ಜುವಷ್ಟರಲ್ಲಿ ಅರಿವೆ ಕುಂಕುಮ ಒರೆಸಿದಂತಾಯಿತು. ನೂಲಿಗೆ ಬಣ್ಣ ಹಾಕಿದ ಮೇಲೆ ಹೆಚ್ಚಾಗಿ ಉಳಿದ ಬಣ್ಣವನ್ನು ಸರಿಯಾಗಿ ತೊಳೆದು ತೆಗೆಯದಿದ್ದರೆ ಹೀಗಾಗುತ್ತದೆ. ನೀವು ತಣ್ಣೀರಿನಲ್ಲಿ ಬೇರೆಯಾಗಿಯೇ ಒಗೆದಿದ್ದೀರಿ, ಆದ್ದರಿಂದ ಒಗೆದ ರೀತಿಯಲ್ಲಿ ಯಾವ ತಪ್ಪೂ ಇಲ್ಲ. ನೇಕಾರರನ್ನು ದೂರುವುದೂ ನ್ಯಾಯವಲ್ಲ, ಏಕೆಂದರೆ ಈ ಪರೀಕ್ಷೆಯನ್ನು ಮಾರುವ ಮೊದಲೇ ನಾವು ಮಾಡಬೇಕಿತ್ತು. ಅದನ್ನು ಮಾಡದೆ "ಬಣ್ಣ ಹೋಗುವುದಿಲ್ಲ" ಎಂದು ಹೇಳಿ ಮಾರಿದೆವು. ಆ ಲಾಟಿನ ಉಳಿದ ಸೀರೆಗಳನ್ನು ಮಾರಾಟದಿಂದ ತೆಗೆದಿರಿಸಿದ್ದೇನೆ.

ಜೂನ್ 2ರಂದು ನೀವು ಮತ್ತು ನಿಮ್ಮ ಯಜಮಾನರು ಸೀರೆ ಹಿಡಿದುಕೊಂಡು ಬಂದಾಗ, "ಮಾರಿದ ಮಾಲನ್ನು ಹಿಂದಕ್ಕೆ ಪಡೆಯುವುದಿಲ್ಲ" ಎಂದು ಬಿಲ್ಲಿನ ಕೆಳಗಿನ ಸಾಲನ್ನು ತೋರಿಸಿ ನಿಮ್ಮನ್ನು ಕಳಿಸಿದ್ದು ಇನ್ನೂ ದೊಡ್ಡ ತಪ್ಪು. ದೋಷವಿರುವ ಮಾಲನ್ನು ನಿರಾಕರಿಸಲು ಆ ಸಾಲನ್ನು ಬಳಸುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅದನ್ನು ಅನುಚಿತ ವ್ಯಾಪಾರ ಪದ್ಧತಿ ಎಂದೇ ಎಣಿಸುತ್ತದೆ. ಗಲ್ಲೆಯ ಮೇಲಿದ್ದ ಹುಡುಗ ನಾನು ಅಚ್ಚು ಹಾಕಿಸಿದ್ದನ್ನೇ ಓದಿದ, ಹಾಗಾಗಿ ಆ ಹೊಣೆಯೂ ನನ್ನದೇ. ಉಳಿದ ಬಿಲ್ ಬುಕ್ಕುಗಳಲ್ಲಿ ಆ ಸಾಲನ್ನು ಪೆನ್ನಿನಿಂದ ಹೊಡೆದುಹಾಕಿಸಿದ್ದೇನೆ.

ಬಿಲ್ಲಿನ ಪೂರ್ಣ ಮೊತ್ತ 8,600 ರೂಪಾಯಿ ಮತ್ತು ನೀವು ಹುಬ್ಬಳ್ಳಿಗೆ ಬಂದುಹೋದ ಖರ್ಚಿಗೆ 500 ರೂಪಾಯಿ, ಒಟ್ಟು 9,100 ರೂಪಾಯಿಯನ್ನು ನೀವು ಹಣ ಕಳಿಸಿದ ಖಾತೆಗೇ ಶನಿವಾರ, ಜೂನ್ 21ರೊಳಗೆ ಜಮಾ ಮಾಡುತ್ತೇನೆ. ಇದಕ್ಕಾಗಿ ಸೀರೆಯನ್ನು ಹಿಂದಿರುಗಿಸಬೇಕಾಗಿಲ್ಲ. ಮಗಳು ಕುಬಸದಲ್ಲಿ ಉಟ್ಟ ಸೀರೆ ಅದು, ನಿಮ್ಮ ಮನೆಯಲ್ಲಿಯೇ ಇರಲಿ.

ಅದೇ ಸೀರೆಯನ್ನು ಮೊದಲಿನಂತೆ ಮಾಡಿಕೊಡಿ ಎಂದು ನೀವು ಕೇಳಿದ್ದೀರಿ. ನಿಮ್ಮ ಮನಸ್ಸು ಅರ್ಥವಾಗುತ್ತದೆ, ಆದರೆ ಆ ಮಾತನ್ನು ನಾನು ಕೊಡಲಾರೆ. ಬಿಳಿ ಪಟ್ಟಿಗೆ ಹತ್ತಿದ ಗುಲಾಬಿಯನ್ನು ತೆಗೆಯುವ ಔಷಧ ಪಕ್ಕದ ಕೆಂಪನ್ನೂ ಕಸೂತಿಯ ದಾರಗಳನ್ನೂ ಕೆಡಿಸಬಹುದು ಎಂದು ನಮಗೆ ಪರಿಚಯವಿರುವ ಬಣ್ಣಗಾರರು ಹೇಳಿದ್ದಾರೆ. ಸೆರಗನ್ನೇ ಬದಲಿಸೋಣವೆಂದರೆ, ಇಳಕಲ್ ಸೀರೆಯಲ್ಲಿ ಸೆರಗಿನ ಹಾಸಿನ ಎಳೆಗಳನ್ನು ಮೈಯ ಎಳೆಗಳಿಗೆ ಕೊಂಡಿ ಹಾಕಿ ಮಗ್ಗದಲ್ಲೇ ಸೇರಿಸಿರುತ್ತಾರೆ. ಕತ್ತರಿಸಿ ಬೇರೆ ಸೆರಗು ಹೊಲಿದರೆ ನಡುವೆ ಹೊಲಿಗೆಯ ಗೆರೆ ಉಳಿಯುತ್ತದೆ, ಆ ಅಂಚಿನ ಕಸೂತಿಯೂ ಹೋಗುತ್ತದೆ. ಇಷ್ಟಾದರೂ ಪ್ರಯತ್ನಿಸಿ ನೋಡಬೇಕೆಂದು ನಿಮಗೆ ಅನ್ನಿಸಿದರೆ ಖರ್ಚು ನನ್ನದು, ಫಲದ ಭರವಸೆ ಮಾತ್ರ ಇಲ್ಲ. ನನ್ನನ್ನು ಕೇಳಿದರೆ, ಬೇಡ ಎನ್ನುತ್ತೇನೆ.

ಅಂಥದ್ದೇ ಇನ್ನೊಂದು ಸೀರೆ ಬೇಕೆಂದಾದರೆ ಹಳೆಯ ಬೆಲೆಗೇ ಮಾಡಿಸಿಕೊಡುತ್ತೇನೆ, ಮುಂಗಡ ಬೇಡ. ಆದರೆ ಗೋಪುರ ಮತ್ತು ತುಳಸಿ ಕಟ್ಟೆಯ ಕಸೂತಿಯನ್ನು ಧಾರವಾಡದ ಹೆಣ್ಣುಮಕ್ಕಳು ಎಳೆ ಎಣಿಸಿ, ಗಂಟು ಹಾಕದೆ, ಮನೆಗೆಲಸದ ನಡುವೆ ಕೈಯಿಂದಲೇ ಹಾಕುತ್ತಾರೆ. ಅವರನ್ನು ಕೇಳದೆ ನಾನು ತಾರೀಖು ಹೇಳಿದರೆ ಅದು ಮತ್ತೊಂದು ಸುಳ್ಳಾಗುತ್ತದೆ. ನೀವು ಹೂಂ ಎಂದ ಮೇಲೆ ಅವರನ್ನು ವಿಚಾರಿಸಿ ತಿಳಿಸುತ್ತೇನೆ. ಸೀರೆ ಸಿದ್ಧವಾದಾಗ ನಿಮ್ಮ ಎದುರಿಗೇ ಒದ್ದೆ ಅರಿವೆಯಿಂದ ಉಜ್ಜಿ ತೋರಿಸಿದ ಮೇಲೆಯೇ ಹಣ ಕೊಡಿ.

ಮನನೋವಿಗೆ ಪರಿಹಾರವೆಂದು ನೀವು ಕೇಳಿರುವ 15,000 ರೂಪಾಯಿಯನ್ನು ಕೊಡಲು ಈ ಸಣ್ಣ ಅಂಗಡಿಯಿಂದ ಸಾಧ್ಯವಾಗುವುದಿಲ್ಲ. ನಿಮಗೆ ನೋವಾಗಿಲ್ಲ ಎಂದು ಇದರ ಅರ್ಥವಲ್ಲ. ಮೇಲಿನ ಹಣವನ್ನು ಪಡೆಯಲು "ಇನ್ನು ಯಾವ ತಕರಾರೂ ಇಲ್ಲ" ಎಂದು ಬರೆದುಕೊಡಬೇಕೆಂದು ನಾನು ಕೇಳುವುದಿಲ್ಲ. ಹೆಚ್ಚಿನ ಪರಿಹಾರ ಬೇಕೆನಿಸಿದರೆ ನೀವು ವಾಸವಿರುವ ಗದಗ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಧಾರವಾಡಕ್ಕೆ ಬರಬೇಕಾಗಿಲ್ಲ. ಈ ಪತ್ರವನ್ನು ಅಲ್ಲಿ ಹಾಜರುಪಡಿಸಿದರೂ ನನ್ನ ಆಕ್ಷೇಪಣೆ ಇಲ್ಲ.

ಶನಿವಾರ ಸಂಜೆಯೊಳಗೆ ಹಣ ಬಾರದಿದ್ದರೆ ಬಿಲ್ಲಿನ ಮೇಲಿನ ನಂಬರಿಗೆ ಫೋನ್ ಮಾಡಿರಿ. ಅದು ನನ್ನದೇ ಮೊಬೈಲ್, ನಾನೇ ಎತ್ತುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಸೀರೆ ಅಂಗಡಿಯ ಮಾಲೀಕ,
ದುರ್ಗದ ಬಯಲು, ಹುಬ್ಬಳ್ಳಿ