ಹತ್ತನೇ ಮಾತ್ರೆ

ಕರಿ ನಾಲ್ಕರ ಶ್ರುತಿಗೆ ಸೇರಿಸಿಟ್ಟಿದ್ದ ತಬಲಾವನ್ನು ವಿನಯ ಮತ್ತೊಮ್ಮೆ ಮುಟ್ಟಿ ನೋಡುತ್ತಿದ್ದಾಗ ಗಾಯಕಿ ಒಳಗೆ ಬಂದರು. ಅವನು ದಡಬಡಿಸಿ ಎದ್ದು ಕಾಲಿಗೆ ನಮಸ್ಕರಿಸಿದ.

"ಗಂಟಲು ಯಾಕೋ ಭಾರ ಕಣಪ್ಪಾ. ಬಿಳಿ ಐದಕ್ಕೆ ಇಳಿಸೋಣ."

ಇಳಿಸಬೇಕಾದದ್ದು ಅರ್ಧ ಸ್ವರ, ಉಳಿದದ್ದು ಹತ್ತು ನಿಮಿಷ. ತಂಬೂರಿಯ ತಂತಿಗಳು ಒಂದೊಂದಾಗಿ ಕೆಳಗಿಳಿದವು. ವಿನಯ ಸುತ್ತಿಗೆ ಹಿಡಿದು ತಬಲಾದ ಅಂಚಿನ ಹೆಣಿಗೆಯಾದ ಗಜರೆಯನ್ನು ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ತಟ್ಟುತ್ತ ಬಂದ. ಹದಿನಾರು ಮನೆಗಳಲ್ಲಿ ಹದಿನೈದು ಮಾತು ಕೇಳಿದವು, ಒಂದು ಮಾತ್ರ ಮೊಂಡು ಹಿಡಿಯಿತು. ಬೆರಳು ತಣ್ಣಗಾಗಿದ್ದವು, ಎಷ್ಟು ಪೌಡರ್ ಹಾಕಿದರೂ ಅಂಗೈ ಮತ್ತೆ ಒದ್ದೆ.

ಕಣ್ಣು ಮುಚ್ಚಿ ಕೂತಿದ್ದವರು ಹಾಗೇ ಹೇಳಿದರು: "ಆ ಪಕ್ಕದ್ದಲ್ಲ, ಅದರ ಎದುರಿನದು."

ಎದುರಿನ ಮನೆಗೆ ಒಂದೇ ಪೆಟ್ಟು. ತಬಲಾದ 'ನಾ' ತಂಬೂರಿಯೊಳಗೆ ಕರಗಿತು.

"ಅಮ್ಮಾ, ವಿಲಂಬಿತದಲ್ಲಿ ಲಯ ಓಡಿಬಿಟ್ಟರೆ?" ಬೆಳಗಿನಿಂದ ನುಂಗಿಕೊಂಡಿದ್ದ ಮಾತು ಬಾಯಿಗೆ ಬಂದೇಬಿಟ್ಟಿತು.

"ದಾರಿ ತಪ್ಪಿದರೆ ನನ್ನನ್ನು ನೋಡು. ನನಗೆ ತಪ್ಪಿದರೆ ನಿನ್ನನ್ನು ನೋಡ್ತೀನಿ."

ಇವರಿಗೆ ತಪ್ಪುವುದೇ? ಸಮಾಧಾನಕ್ಕೆ ಹೇಳಿದ್ದು ಎಂದುಕೊಂಡ.

ಮಾಲಕೌಂಸ್, ವಿಲಂಬಿತ ಏಕತಾಲ. ಹನ್ನೆರಡೇ ಮಾತ್ರೆ, ಆದರೆ ಒಂದೊಂದರ ನಡುವೆ ಒಂದು ಕೋಣೆಯಷ್ಟು ಜಾಗ. ಆ ಖಾಲಿಯಲ್ಲಿ ಕೈ ಸುಮ್ಮನಿರುವುದೇ ಕಷ್ಟ. ವಾರಗಟ್ಟಲೆ ತಯಾರು ಮಾಡಿಕೊಂಡಿದ್ದ ತುಕಡಾಗಳೆಲ್ಲ ಬೆರಳ ತುದಿಯಲ್ಲಿ ತುಡಿಯುತ್ತಿದ್ದವು. ಅವನು ಅವನ್ನು ತಡೆದು ಬರೀ ಠೇಕಾ ಹಿಡಿದ. ಧಿನ್, ಧಿನ್, ಧಾಗೆ, ತಿರಕಿಟ. ನಾಲ್ಕನೇ ಆವರ್ತನದ ಹೊತ್ತಿಗೆ ಮಾತ್ರೆ ಎಣಿಸುವುದನ್ನು ಬಿಟ್ಟು ಹಾಡು ಕೇಳತೊಡಗಿದ್ದ.

ಮಂದ್ರದ ಧೈವತದಲ್ಲಿ ಅವರು ಬಹಳ ಹೊತ್ತು ನಿಂತರು. ಎಷ್ಟು ಹೊತ್ತೆಂದರೆ ಸಭೆಯಲ್ಲಿ ಕೆಮ್ಮು ಕೂಡ ನಿಂತಿತು. ಅಲ್ಲಿಂದ ಮೇಲೇಳುವಾಗ ಅವರ ಕಣ್ಣು ತೆರೆದು ನೇರ ವಿನಯನ ಕೈ ಮೇಲೆ ಬಿತ್ತು.

ಕೈ ಆಗಷ್ಟೇ ಧಾಗೆ ತಿರಕಿಟ ಮುಗಿಸಿತ್ತು. ಏಕತಾಲದಲ್ಲಿ ಅದು ಎರಡು ಸಲ ಬರುತ್ತದೆ, ಮೂರು-ನಾಲ್ಕರಲ್ಲೊಮ್ಮೆ, ಒಂಬತ್ತು-ಹತ್ತರಲ್ಲೊಮ್ಮೆ. ಕೇಳಿದವರಿಗೆ ಗುರುತು ಸಿಗುವುದು ಮುಂದಿನ ಬೋಲ್‌ನಲ್ಲೇ: ಎಡಗೈಯ ಡಗ್ಗಾ ಇಲ್ಲದ 'ತೂ' ಬಂದರೆ ಆವರ್ತನದ ಮೊದಲ ಮಾತ್ರೆಯಾದ ಸಮ್ ಇನ್ನೂ ದೂರ, 'ಧೀ' ಬಂದರೆ ಎರಡೇ ಮಾತ್ರೆ.

ಅವರು ನಿಜವಾಗಿಯೂ ಕೇಳುತ್ತಿದ್ದಾರೆ!

ವಿನಯ ಅವಸರಪಡಲಿಲ್ಲ. ಮಾತ್ರೆ ತುಂಬುವವರೆಗೆ ಕಾದು, ಎಡಗೈ ಮಣಿಕಟ್ಟನ್ನು ಡಗ್ಗಾದ ಮೇಲೆ ಒತ್ತಿ ಜಾರಿಸುತ್ತ ತುಂಬು ಗುಮುಕಿನ ಒಂದು 'ಧೀ' ಕೊಟ್ಟ.

ಅವರ ಹುಬ್ಬು ಸಡಿಲಾಯಿತು. ಸಮ್‌ಗೆ ಕರೆದೊಯ್ಯುವ ಹಾಡಿನ ಮೊದಲ ಸೊಲ್ಲು, ಮುಖಡಾ, ಎತ್ತಿಕೊಂಡರು. 'ನಾ' ದಾಟಿ ಇಬ್ಬರೂ ಒಟ್ಟಿಗೆ ಸಮ್‌ಗೆ ಬಂದರು. ಸಭೆ ಚಪ್ಪಾಳೆ ತಟ್ಟಿದ್ದು ಗಾಯಕಿಗೆ. ಅವರು ಎಡಗೈಯನ್ನು ತಬಲಾದ ಕಡೆ ಚಾಚಿದ್ದನ್ನು ಕಂಡವರು ಮುಂದಿನ ಸಾಲಿನ ಕೆಲವರಷ್ಟೇ.

ವಿನಯ ಅಷ್ಟರಲ್ಲಿ ಮುಂದಿನ ಧಿನ್‌ಗೆ ಕಾಯುತ್ತಿದ್ದ.