ಶನಿವಾರದ ಹೇರ್‌ಕಟ್ ಬಗ್ಗೆ

ನಮಸ್ತೆ ಅಕ್ಕಾ, ಶನಿವಾರ 11 ಗಂಟೆಗೆ ಕೂದಲು ಕಟ್ ಮಾಡಿಸೋಕೆ ಬರ್ತಿದ್ದೀನಿ. ಹೇಗೆ ಬೇಕು ಅಂತ ಮೊದಲೇ ಹೇಳಿಬಿಡ್ತೀನಿ, ಮೂರು ಫೋಟೋನೂ ಕಳಿಸಿದ್ದೀನಿ.

ಈಗ ಸೊಂಟದ ಹತ್ತಿರ ಬಂದಿದೆ. ಕಟ್ ಆದಮೇಲೆ ಹೆಗಲಿಂದ ನಾಲ್ಕು ಬೆರಳು ಕೆಳಗೆ ನಿಲ್ಲಬೇಕು, ಅದೂ ಒಣಗಿದಾಗ. ನಂದು ಅಲೆಅಲೆ ಕೂದಲು, ಒಣಗಿದರೆ ಎರಡು ಇಂಚು ಮೇಲೆ ಹೋಗುತ್ತೆ. ಹೋದ ಸಲ ಬೇರೆ ಕಡೆ ಒದ್ದೆಯಲ್ಲೇ ಅಳತೆ ಹಿಡಿದು ಕತ್ತರಿಸಿದ್ರು, ಆಮೇಲೆ ಜಡೆ ಹಾಕೋಕೂ ಸಿಗ್ತಿರಲಿಲ್ಲ. ತುಂಬಾ ಬೇಜಾರಾಗಿತ್ತು. ಅದಕ್ಕೇ ಮೊದಲು ಸ್ವಲ್ಪ ಉದ್ದವೇ ಬಿಡಿ, ಒಣಗಿಸಿ ನೋಡಿ ಆಮೇಲೆ ಕಮ್ಮಿ ಮಾಡೋಣ.

ಬೈತಲೆ ಹತ್ತಿರ ತೆಳ್ಳಗಾಗಿದೆ, ಅಲ್ಲಿ ಒಂದೆಳೆಯೂ ತೆಗೀಬೇಡಿ. ಕಿವಿ ಹಿಂದೆ, ಕತ್ತಿನ ಮೇಲೆ ದಟ್ಟವಾಗಿದೆ, ಅಲ್ಲಿ ಭಾರ ಇಳಿಸಿ.

ಮೊದಲ ಫೋಟೋದಲ್ಲಿ ಉದ್ದ ಮಾತ್ರ ನೋಡಿ, ಅವರದು ನೇರ ಕೂದಲು. ಎರಡನೆಯದು ಮುಂದಿನ ಕೂದಲಿಗೆ: ಗದ್ದದ ಹತ್ತಿರ ಶುರುವಾಗಿ ನಿಧಾನಕ್ಕೆ ಇಳೀಬೇಕು, ಹಣೆ ಮೇಲೆ ಬೇಡ. ಮೂರನೆಯದು ನಂದೇ, ತಲೆಸ್ನಾನ ಮಾಡಿ ಹಾಗೇ ಒಣಗಲು ಬಿಟ್ಟು ತೆಗೆದದ್ದು.

ನನ್ನ ಕೂದಲಿಗೆ ಇದು ಹೊಂದಲ್ಲ ಅನ್ನಿಸಿದರೆ ಕತ್ತರಿ ಹಿಡಿಯೋ ಮುಂಚೆ ಹೇಳಿ ಅಕ್ಕಾ.